ಹೂಜಿಯ ನೀರು ತಣ್ಣಗಾಗದ ದಿನ

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ, ಅಪ್ಪ ಅಮ್ಮ ಮಂಗಳೂರಿನಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಇಲ್ಲಿ 36 ಡಿಗ್ರಿ ಇದ್ದರೂ ನೆರಳಿನಲ್ಲಿ ಹಾಯೆನಿಸುತ್ತದೆ, ಅಲ್ಲಿ 34ಕ್ಕೇ ಜೀವ ಹಿಂಡಿದಂತಾಗುತ್ತದೆ. ‘ವೆಟ್ ಬಲ್ಬ್ ತಾಪಮಾನ 35 ದಾಟಿದರೆ ಗಟ್ಟಿಮುಟ್ಟಾದವರೂ ನೆರಳಿನಲ್ಲೇ ಕೂತು ಸಾಯಬಹುದು’ ಎಂದು ಎಲ್ಲೋ ಓದಿದೆ. ನಮ್ಮ ಮೈಯೇ 37 ಡಿಗ್ರಿ ಇರುವಾಗ 35 ಹೇಗೆ ಕೊಲ್ಲುತ್ತದೆ? ಫ್ಯಾನ್ ಹಾಕಿಕೊಂಡು ನೀರು ಕುಡಿಯುತ್ತಿದ್ದರೆ ಸಾಲದೇ? ಬೆಂಗಳೂರಿನವರು ಇದಕ್ಕೆ ಹೆದರಬೇಕೇ?

ಉತ್ತರ: ನಿಮ್ಮ ಮನೆಯಲ್ಲಿ ಮಣ್ಣಿನ ಹೂಜಿ ಇದ್ದರೆ ಅದನ್ನೊಮ್ಮೆ ಮುಟ್ಟಿ ನೋಡಿ. ಬೆಂಗಳೂರಿನ ಮಾರ್ಚ್ ತಿಂಗಳಿನಲ್ಲಿ ಅದರ ನೀರು ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಯಷ್ಟು ತಣ್ಣಗಿರಬಲ್ಲದು. ಅದೇ ಹೂಜಿಯನ್ನು ಮಂಗಳೂರಿಗೆ ಒಯ್ದು ನಿಮ್ಮ ಅಮ್ಮನ ಅಡುಗೆಮನೆಯಲ್ಲಿಟ್ಟರೆ ನೀರು ತಣ್ಣಗಾಗುವುದು ಮೂರು ನಾಲ್ಕು ಡಿಗ್ರಿ ಮಾತ್ರ. ಮಣ್ಣು ಅದೇ, ನೀರು ಅದೇ. ಬೇರೆಯಾದದ್ದು ಗಾಳಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಹೂಜಿಯಲ್ಲೇ ಇದೆ, ಏಕೆಂದರೆ ಸೆಕೆಯಲ್ಲಿ ಕೂತ ಮನುಷ್ಯನ ದೇಹವೂ ಒಂದು ಹೂಜಿ.

ಹೂಜಿಯ ಮೈಯಿಂದ ಸೋರಿ ಬಂದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಹೂಜಿಯಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2,400 ಜೂಲ್ ಶಾಖ ಹೋಗುತ್ತದೆ. ಗಾಳಿ ಒಣಗಿದ್ದರೆ ಆವಿಗೆ ಜಾಗವಿದೆ, ನೀರು ಆರುತ್ತಲೇ ಇರುತ್ತದೆ, ಹೂಜಿ ತಣಿಯುತ್ತಲೇ ಹೋಗುತ್ತದೆ. ಆದರೆ ಎಷ್ಟು ತಣ್ಣಗಾದರೆ ಅಷ್ಟು ಶಾಖ ಬಿಸಿ ಗಾಳಿಯಿಂದ ಮರಳಿ ಒಳಗೆ ಬರುತ್ತದೆ. ಹೋಗುವುದೂ ಬರುವುದೂ ಸಮವಾದ ಹಂತದಲ್ಲಿ ಒದ್ದೆ ವಸ್ತುವಿನ ತಾಪಮಾನ ನಿಲ್ಲುತ್ತದೆ. ಆ ನಿಂತ ತಾಪಮಾನವೇ ವೆಟ್ ಬಲ್ಬ್. ಗಾಳಿ ಬೀಸಿ, ನೀರು ಹಚ್ಚಿ, ಏನೇ ಮಾಡಿದರೂ ಆವಿಯ ಬಲದಿಂದ ಅದಕ್ಕಿಂತ ಕೆಳಗೆ ಇಳಿಯಲಾಗದು.

ಹವಾಮಾನ ಕೇಂದ್ರಗಳ ಬಿಳಿ ಬಣ್ಣದ ಜಾಲಂದರ ಪೆಟ್ಟಿಗೆಯಲ್ಲಿ ಇದನ್ನು ಅಳೆಯುವ ವಿಧಾನವೂ ಇಷ್ಟೇ ಸರಳ. ಎರಡು ಥರ್ಮಾಮೀಟರ್‌ಗಳು ಪಕ್ಕಪಕ್ಕದಲ್ಲಿರುತ್ತವೆ. ಒಂದರ ಬುಡಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ಶುದ್ಧ ನೀರಿನ ಪುಟ್ಟ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ಒಣ ಬಲ್ಬ್ ಗಾಳಿಯ ಬಿಸಿಯನ್ನು ಹೇಳುತ್ತದೆ, ಒದ್ದೆ ಬಲ್ಬ್ ಬೆವರಿಗೆ ಇನ್ನೆಷ್ಟು ಕೆಲಸ ಸಾಧ್ಯ ಎಂಬುದನ್ನು ಹೇಳುತ್ತದೆ. ಇಂಥ ಉಪಕರಣಗಳ ಜೊತೆ ವರ್ಷಗಟ್ಟಲೆ ಕಳೆದ ನನಗೆ ಎರಡನೆಯದರ ಮೇಲೆ ಹೆಚ್ಚು ಅಕ್ಕರೆ. ಟಿವಿಯಲ್ಲೂ ಪತ್ರಿಕೆಯಲ್ಲೂ ಒಣ ಬಲ್ಬಿನ ಅಂಕಿ ಮಾತ್ರ ಬರುತ್ತದೆ ಎಂಬುದು ಪ್ರತಿ ಬೇಸಿಗೆಯಲ್ಲೂ ನನ್ನನ್ನು ಕಾಡುತ್ತದೆ.

ನೀವು ಹೇಳಿದ ಊರುಗಳನ್ನೇ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ 36 ಡಿಗ್ರಿ, ತೇವಾಂಶ ಶೇಕಡಾ 20 ಇರುವ ಮಧ್ಯಾಹ್ನ ವೆಟ್ ಬಲ್ಬ್ ಸುಮಾರು 20. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇಕಡಾ 65 ಇದ್ದರೆ ಅದು 28ರ ಮೇಲಿರುತ್ತದೆ. ಕಲಬುರಗಿಯಲ್ಲಿ 43 ಡಿಗ್ರಿಯ ಧಗೆ, ಶೇಕಡಾ 15 ತೇವಾಂಶ ಎಂದುಕೊಂಡರೂ ವೆಟ್ ಬಲ್ಬ್ 23 ಮುಟ್ಟುವುದಿಲ್ಲ. ಕಲಬುರಗಿಯಲ್ಲಿ ಹುಲ್ಲಿನ ಪರದೆಯ ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ, ಮಂಗಳೂರಿನಲ್ಲಿ ಅದೇ ಕೂಲರ್ ಮನೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ ಎನ್ನುವುದಕ್ಕೆ ಕಾರಣ ಇದೇ. ಕಲಬುರಗಿಯ ಬಿಸಿಲು ನಿರಪಾಯ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಅಪಾಯ ಬೇರೆ ದಾರಿಯಿಂದ ಬರುತ್ತದೆ: ಗಾಳಿಯೇ ಮೈಗೆ ಅಷ್ಟು ಶಾಖ ತುಂಬುತ್ತದೆ ಎಂದರೆ ಅದನ್ನು ಹೊರಹಾಕುವಷ್ಟು ಬೆವರನ್ನು ದೇಹ ತಯಾರಿಸಲಾರದು, ನೀರೂ ಬೇಗ ಬತ್ತುತ್ತದೆ. ಸೆಕೆಯ ಅಪಾಯವೇ ಬೇರೆ. ಅಲ್ಲಿ ಬೆವರು ಧಾರಾಳವಾಗಿ ಬರುತ್ತದೆ, ಆದರೆ ಆರುವುದಿಲ್ಲ.

ಈಗ 37 ಮತ್ತು 35ರ ವಿಷಯ. 60 ಕಿಲೋ ತೂಕದ ಆರೋಗ್ಯವಂತ ಯುವಕನೊಬ್ಬ ನೆರಳಿನಲ್ಲಿ ಸುಮ್ಮನೆ ಕೂತಿದ್ದಾನೆ ಎಂದುಕೊಳ್ಳಿ. ಉಸಿರಾಟ, ಹೃದಯ, ಮಿದುಳು, ಜೀರ್ಣಕ್ರಿಯೆ ಇವಿಷ್ಟರಿಂದಲೇ ಅವನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಬದುಕಿರುವವರೆಗೂ ಈ ಬಲ್ಬನ್ನು ಆರಿಸಲಾಗದು. ಆ ಶಾಖ ಹೊರಗೆ ಹೋಗಲೇಬೇಕು, ಹೋಗಬೇಕಾದರೆ ಮೊದಲು ಒಳಗಿನಿಂದ ಚರ್ಮಕ್ಕೆ ಬರಬೇಕು. ಶಾಖ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ, ಆದ್ದರಿಂದ ಚರ್ಮ ಒಳಮೈಗಿಂತ ತಂಪಾಗಿರಬೇಕು. ಒಳಗೆ 37 ಇದ್ದಾಗ ಬಿಸಿ ದಿನಗಳಲ್ಲಿ ಚರ್ಮ ಸಾಮಾನ್ಯವಾಗಿ 35ರ ಆಸುಪಾಸಿನಲ್ಲಿರುತ್ತದೆ. ನೀವು ಕೇಳಿದ 35 ಇಲ್ಲಿಂದ ಬಂದದ್ದು. ಹೋಲಿಸಬೇಕಾದದ್ದು ಒಳಮೈಯ 37ರ ಜೊತೆಗಲ್ಲ, ಚರ್ಮದ ಜೊತೆಗೆ.

ಚರ್ಮಕ್ಕೆ ಅಂಟಿಕೊಂಡ ಬೆವರಿನ ಮೇಲಿನ ತೆಳು ಗಾಳಿಪದರ 35 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿಕೊಂಡಿರುತ್ತದೆ, ಅಂದರೆ ಪ್ರತಿ ಘನ ಮೀಟರಿಗೆ ಸುಮಾರು 40 ಗ್ರಾಂ ನೀರಾವಿ. ಬೆಂಗಳೂರಿನ ಆ ಒಣ ಮಧ್ಯಾಹ್ನದ ಗಾಳಿಯಲ್ಲಿ ಇರುವುದು ಸುಮಾರು 8 ಗ್ರಾಂ. 40ರಿಂದ 8ಕ್ಕೆ ಇಳಿಜಾರು ಕಡಿದಾಗಿದೆ, ಆವಿ ಓಡಿಹೋಗುತ್ತದೆ. ನಿಮ್ಮ ಮೈ ಬೆವರಿದ್ದೇ ನಿಮಗೆ ತಿಳಿಯುವುದಿಲ್ಲ. ಮಂಗಳೂರಿನ ಗಾಳಿಯಲ್ಲಿ ಆಗಲೇ 24 ಗ್ರಾಂ ಇದೆ. ಇಳಿಜಾರು ಅರ್ಧಕ್ಕೆ ಬಂತು. ಇನ್ನು 35 ಡಿಗ್ರಿಯ, ಶೇಕಡಾ 100 ತೇವಾಂಶದ ಗಾಳಿ ಎಂದರೆ ಹೊರಗೂ 40, ಚರ್ಮದ ಮೇಲೂ 40. ಇಳಿಜಾರೇ ಇಲ್ಲ. ಬೆವರು ಹುಟ್ಟುತ್ತದೆ, ಹನಿಯಾಗಿ ನೆಲಕ್ಕೆ ಬೀಳುತ್ತದೆ, ಒಂದು ಹನಿಯೂ ಮೈಯನ್ನು ತಣಿಸುವುದಿಲ್ಲ. ಗಾಳಿ 40 ಡಿಗ್ರಿ, ತೇವಾಂಶ ಶೇಕಡಾ 72ರಷ್ಟು ಇದ್ದಾಗಲೂ ವೆಟ್ ಬಲ್ಬ್ 35ಕ್ಕೇ ನಿಲ್ಲುತ್ತದೆ. ಅಲ್ಲಿ ಸ್ವಲ್ಪ ಬೆವರು ಆರುತ್ತದೆ, ಆದರೆ ಅದು ತೆಗೆದಷ್ಟು ಶಾಖವನ್ನು ಬಿಸಿ ಗಾಳಿ ಮರಳಿ ತುಂಬುತ್ತದೆ. ಫಲ ಒಂದೇ.

ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆ ನೋಡಿ. 100 ವ್ಯಾಟ್ ಎಂದರೆ ಗಂಟೆಗೆ 360 ಕಿಲೋಜೂಲ್. 60 ಕಿಲೋ ದೇಹವನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 210. ಶಾಖ ಸ್ವಲ್ಪವೂ ಹೊರಹೋಗದಿದ್ದರೆ ಗಂಟೆಗೆ ಒಂದೂಮುಕ್ಕಾಲು ಡಿಗ್ರಿಯ ಹತ್ತಿರ ಏರಿಕೆ. ಮೈ ಬಿಸಿಯಾದಂತೆ ಚರ್ಮವೂ ಬಿಸಿಯಾಗಿ ಗಾಳಿಗಿಂತ ಮೇಲೇರುವುದರಿಂದ ಒಂದಿಷ್ಟು ಶಾಖ ಮತ್ತೆ ಹೊರಗೆ ಹೋಗತೊಡಗುತ್ತದೆ. ಹಾಗಾಗಿ ನಿಜದಲ್ಲಿ ಏರಿಕೆ ಇದಕ್ಕಿಂತ ನಿಧಾನ, ಸಾವು ನಿಮಿಷಗಳ ಮಾತಲ್ಲ, ಗಂಟೆಗಳ ಮಾತು. ಆದರೆ ಆ ಗಂಟೆಗಳಲ್ಲಿ ಹೃದಯ ಪಡುವ ಪಾಡನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗಟ್ಟಿಮುಟ್ಟಾದವರು ಸೋಲುವುದು ಅಲ್ಲಿಯೇ.

ಒಳಗಿನ ಶಾಖವನ್ನು ಚರ್ಮಕ್ಕೆ ಹೊತ್ತು ತರುವುದು ರಕ್ತ. ಒಳಗೆ 37, ಚರ್ಮ 35 ಇದ್ದಾಗ 100 ವ್ಯಾಟ್ ಸಾಗಿಸಲು ನಿಮಿಷಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ರಕ್ತ ಚರ್ಮಕ್ಕೆ ಹೋದರೆ ಸಾಕು. ಚರ್ಮ 36 ಆಯಿತೆನ್ನಿ. ಅಂತರ ಅರ್ಧವಾಯಿತು, ಬೇಕಾದ ರಕ್ತ ಒಂದೂವರೆ ಲೀಟರ್ ದಾಟಿತು. ಅಂತರ ಅರ್ಧ ಡಿಗ್ರಿಗೆ ಇಳಿದರೆ ಮೂರು ಲೀಟರಿಗೂ ಮಿಕ್ಕಿ ಬೇಕು. ಸುಮ್ಮನೆ ಕೂತವನ ಹೃದಯ ಇಡೀ ದೇಹಕ್ಕೆ ತಳ್ಳುವುದೇ ನಿಮಿಷಕ್ಕೆ ಸುಮಾರು ಐದು ಲೀಟರ್. ಈಗ ಅದು ಕುರ್ಚಿಯಲ್ಲಿ ಕೂತೇ ಓಡುವವನಂತೆ ದುಡಿಯಬೇಕು. ಬೆವರಿನಿಂದ ನೀರು ಹೋಗಿ ರಕ್ತ ಕಡಿಮೆಯಾಗಿದೆ, ಇದ್ದದ್ದೂ ಅಗಲವಾಗಿ ತೆರೆದ ಚರ್ಮದ ನಾಳಗಳಲ್ಲಿ ನಿಂತಿದೆ, ಒತ್ತಡ ಕುಸಿಯುತ್ತಿದೆ. ದೇಹ ಕರುಳಿನ ರಕ್ತವನ್ನು ಕಡಿತ ಮಾಡಿ ಚರ್ಮಕ್ಕೆ ಕೊಡುತ್ತದೆ. ರಕ್ತ ಸಾಲದ, ಬಿಸಿಯೇರಿದ ಕರುಳಿನ ಗೋಡೆ ಸೋರತೊಡಗಿ ಬ್ಯಾಕ್ಟೀರಿಯಾಗಳ ವಿಷ ರಕ್ತಕ್ಕೆ ಇಳಿಯುತ್ತದೆ, ಅದು ಇಡೀ ಮೈಯಲ್ಲಿ ಉರಿಯೂತ ಎಬ್ಬಿಸುತ್ತದೆ. ಒಳಮೈ 40 ಡಿಗ್ರಿ ದಾಟುವ ಹೊತ್ತಿಗೆ ಮಿದುಳು ಹಳಿ ತಪ್ಪುತ್ತದೆ. ವೈದ್ಯರು ಶಾಖಾಘಾತ ಎನ್ನುವುದು ಇದನ್ನೇ. ವಯಸ್ಸಾದವರು, ಹೃದ್ರೋಗಿಗಳು ಈ ಹಾದಿಯಲ್ಲಿ ಮೊದಲು ಬೀಳುತ್ತಾರೆ. ಯುವಕ ತಡವಾಗಿ ಬೀಳುತ್ತಾನೆ. ಗಾಳಿ ಬದಲಾಗದಿದ್ದರೆ ಅವನೂ ಬೀಳುತ್ತಾನೆ, ಏಕೆಂದರೆ ಶಾಖ ಹೋಗುವ ದಾರಿ ಮುಚ್ಚಿದ ಮೇಲೆ ದೇಹದ ಕಸುವು ಹೊತ್ತನ್ನು ಕೊಡಬಲ್ಲದು, ದಾರಿಯನ್ನು ಕೊಡಲಾರದು.

35 ಎಂಬ ಗಡಿಯನ್ನು ಹವಾಮಾನ ವಿಜ್ಞಾನಿಗಳಾದ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ಮುಂದಿಟ್ಟರು. ಅದು ಭೌತಶಾಸ್ತ್ರದ ಲೆಕ್ಕ: ಪೂರ್ತಿ ಒದ್ದೆ ಮೈ, ಬಟ್ಟೆಯಿಲ್ಲ, ಗಾಳಿ ಜೋರಾಗಿ ಬೀಸುತ್ತಿದೆ, ಕುಡಿಯಲು ನೀರು ಬೇಕಾದಷ್ಟಿದೆ ಎಂದುಕೊಂಡರೂ ದಾಟಲಾಗದ ಗೋಡೆ. ಪಾಕಿಸ್ತಾನದ ಜಾಕೋಬಾಬಾದ್ ಮತ್ತು ಪರ್ಷಿಯನ್ ಕೊಲ್ಲಿಯ ರಾಸ್ ಅಲ್ ಖೈಮಾದ ಕೇಂದ್ರಗಳ ದಾಖಲೆಗಳಲ್ಲಿ ಆ ಗೋಡೆಯನ್ನು ಅಲ್ಪ ಹೊತ್ತು ಮುಟ್ಟಿದ ಗಳಿಗೆಗಳಿವೆ ಎಂದು 2020ರ ಅಧ್ಯಯನವೊಂದು ತೋರಿಸಿತು. ಆದರೆ ನಿಮ್ಮ ಮನಸ್ಸಿನಲ್ಲಿ ನಿಲ್ಲಬೇಕಾದ ಅಂಕಿ 35 ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಕ ಯುವತಿಯರಿಗೆ ಒಳಮೈಯ ತಾಪ ಹೇಳುವ ಗುಳಿಗೆ ನುಂಗಿಸಿ, ಮನೆಗೆಲಸದಷ್ಟು ಹಗುರ ಚಟುವಟಿಕೆ ಮಾಡಿಸಿ, ಕೋಣೆಯ ಗಾಳಿಯನ್ನು ಹಂತಹಂತವಾಗಿ ಕಠಿಣಗೊಳಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತೇವದ ಗಾಳಿಯಲ್ಲಿ ವೆಟ್ ಬಲ್ಬ್ 30–31 ಮುಟ್ಟುವಾಗಲೇ ಒಳಮೈಯ ತಾಪ ನಿಲ್ಲದೆ ಏರತೊಡಗಿತು. ಒಣ ಬಿಸಿಯಲ್ಲಿ ಗಡಿ ಇನ್ನೂ ಕೆಳಗಿತ್ತು. ಇದು ಸಾವಿನ ಗಡಿಯಲ್ಲ, ದೇಹ ಸಮತೋಲ ಕಳೆದುಕೊಳ್ಳುವ ಗಡಿ. ಅಲ್ಲಿಂದಾಚೆ ಎಷ್ಟು ಹೊತ್ತು ಇರುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮಂಗಳೂರಿನ 28ರಿಂದ ಈ 30 ಎಷ್ಟು ಹತ್ತಿರವಿದೆ ನೋಡಿ. ನಿಮ್ಮ ಜೀವ ಹಿಂಡಿದಂತೆ ಆಗುವುದು ಬರೀ ಅನಿಸಿಕೆಯಲ್ಲ.

ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿ, ಕರಾವಳಿಯಿಂದ ದೂರದಲ್ಲಿರುವ ಈ ಊರಿನ ಬಯಲಿನಲ್ಲಿ ವೆಟ್ ಬಲ್ಬ್ 30 ಮುಟ್ಟುವ ಭಯ ಈಗ ಇಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾದಾಗಲೂ ಕಾಡಿದ್ದು ಒಣ ಬಿಸಿಯೇ. ಆದರೆ ಬೆಂಗಳೂರಿಗರು ದಿನವಿಡೀ ಬಯಲಿನ ಗಾಳಿಯಲ್ಲಿ ಇರುವುದಿಲ್ಲ. ನಾನೇ ಅಳೆದ ಒಂದು ಜಾಗದ ಕಥೆ ಹೇಳುತ್ತೇನೆ.

ಪರಿಚಯದವರೊಬ್ಬರ ಸಣ್ಣ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷದ ಅಡುಗೆಯ ಹುಡುಗನೊಬ್ಬ ಇಡ್ಲಿ ಪಾತ್ರೆಯ ಮುಂದೆ ಕುಸಿದುಬಿದ್ದ. ಕುಂದಾಪುರದ ಕಡೆಯವನು, ಸೆಕೆಗೆ ಹುಟ್ಟಿನಿಂದ ಒಗ್ಗಿದವನು. ಬೀಳುವ ಮೊದಲು ಪಕ್ಕದಲ್ಲಿದ್ದ ಸಪ್ಲೈಯರ್‌ನನ್ನು ತನ್ನ ಅಣ್ಣನ ಹೆಸರು ಹಿಡಿದು ಕರೆದು, ಚಟ್ನಿಯ ಪಾತ್ರೆಗೆ ಸಾಂಬಾರು ಸುರಿದನಂತೆ. ಬಿಪಿ ಇಳಿದಿರಬೇಕು ಎಂದು ಮಾಲೀಕರು ಸಕ್ಕರೆ ನೀರು ತರಿಸಿದರು. ಅವನ ಮೈಯೆಲ್ಲ ಒದ್ದೆಯಾಗಿತ್ತು. ‘ಬೆವರುತ್ತಿದ್ದಾನಲ್ಲ, ಹಾಗಾದರೆ ಬಿಸಿಲಿನ ಹೊಡೆತವಲ್ಲ’ ಎಂದುಕೊಂಡರು. ಇದು ನಮ್ಮಲ್ಲಿ ಬಲವಾಗಿ ಬೇರೂರಿದ ತಪ್ಪು. ಸೆಕೆಯಲ್ಲಿ ಶಾಖಾಘಾತವಾದವರ ಮೈ ಒದ್ದೆಯಾಗಿಯೇ ಇರಬಹುದು, ಬೆವರು ಆರಲಿಲ್ಲ ಎಂಬುದೇ ಅಲ್ಲಿನ ಕಾಯಿಲೆ. ನೋಡಬೇಕಾದ ಗುರುತು ಮಾತು ಮತ್ತು ನಡೆ: ಹೆಸರು ತಪ್ಪುವುದು, ಅಸಂಬದ್ಧ ಸಿಟ್ಟು, ತಡವರಿಕೆ, ತೂರಾಡುವುದು. ಪುಣ್ಯಕ್ಕೆ ಹಿರಿಯ ಅಡುಗೆಯವರೊಬ್ಬರು ಅವನನ್ನು ಹಿತ್ತಿಲಿಗೆ ಎಳೆದು ಸಂಪಿನ ನೀರನ್ನು ಬಕೆಟ್ ಮೇಲೆ ಬಕೆಟ್ ಸುರಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ತನ್ನ ಹೆಸರು ಸರಿಯಾಗಿ ಹೇಳಿದ.

ಆ ಹಿರಿಯರಿಗೆ ಲೆಕ್ಕ ಗೊತ್ತಿರಲಿಲ್ಲ, ಆದರೆ ಮಾಡಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ತೇವದ ಗಾಳಿಯಲ್ಲಿ ಒದ್ದೆ ಬಟ್ಟೆ ಹೊದಿಸಿದರೆ ಉಪಯೋಗ ಕಡಿಮೆ, ಅದೂ ಆರಬೇಕಲ್ಲ. ತಣ್ಣೀರು ಸುರಿದರೆ ಆವಿಯ ಹಂಗಿಲ್ಲ, ನೀರೇ ಶಾಖವನ್ನು ಹೊತ್ತು ಹರಿದುಹೋಗುತ್ತದೆ. ನೆಲದಡಿಯ ಸಂಪಿನಲ್ಲಿ 25 ಡಿಗ್ರಿ ಇರುವ 15 ಲೀಟರ್ ನೀರು ಮೈಗೆ ತಾಗಿ 33ಕ್ಕೆ ಏರಿದರೆ ಸುಮಾರು 500 ಕಿಲೋಜೂಲ್ ಹೊರಹೋಗುತ್ತದೆ. ಅರ್ಧ ನೀರು ಮೈಗೆ ತಾಗದೆ ಚರಂಡಿಗೆ ಹೋಯಿತೆಂದರೂ 60 ಕಿಲೋ ದೇಹವನ್ನು ಒಂದು ಡಿಗ್ರಿ ಇಳಿಸಲು ಅದು ಸಾಕು. ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೈಗಿಂತ ಬಿಸಿ ಇರಬಹುದು, ಅದನ್ನು ಸುರಿಯಬೇಡಿ. ಐಸ್ ಸಿಕ್ಕರೆ ಕಂಕುಳಿಗೆ, ಕುತ್ತಿಗೆಗೆ, ತೊಡೆಸಂದಿಗೆ ಇಡಿ. 108ಕ್ಕೆ ಕರೆ ಮಾಡಿ, ಆದರೆ ಅದು ಬರುವವರೆಗೆ ತಣಿಸುವುದನ್ನು ನಿಲ್ಲಿಸಬೇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಆ ಸಕ್ಕರೆ ನೀರು ಅವನ ಶ್ವಾಸಕೋಶಕ್ಕೆ ಇಳಿದಿದ್ದರೆ ಮತ್ತೊಂದು ಅನಾಹುತವಾಗುತ್ತಿತ್ತು.

ಮರುದಿನ ಅದೇ ಹೊತ್ತಿಗೆ ನಾನು ಎರಡು ಥರ್ಮಾಮೀಟರ್ ಹಿಡಿದು ಆ ಅಡುಗೆಮನೆಯಲ್ಲಿ ನಿಂತೆ. ಒಲೆಯ ಝಳ ನೇರವಾಗಿ ತಾಗದಂತೆ ರಟ್ಟಿನ ಮರೆ ಕಟ್ಟಿ, ಒಂದರ ತುದಿಗೆ ತೊಳೆದ ಮಲ್ಲು ಬಟ್ಟೆಯ ಚೂರು ಸುತ್ತಿ ನೀರು ಹಾಕಿ, ಬೀಸಣಿಗೆಯಿಂದ ಗಾಳಿ ಬೀಸಿದೆ. ಅಂಕಿ ಇಳಿಯುವುದು ನಿಂತ ಮೇಲೆ ಓದಿಕೊಂಡೆ. ಬೀದಿಯಲ್ಲಿ ಒಣ ಬಲ್ಬ್ 33, ಒದ್ದೆ ಬಲ್ಬ್ 20ರ ಹತ್ತಿರ. ಹದಿನೈದು ಹೆಜ್ಜೆ ಒಳಗೆ, ಇಡ್ಲಿ ಪಾತ್ರೆಯ ಪಕ್ಕ, ಒಣ ಬಲ್ಬ್ 36.5, ಒದ್ದೆ ಬಲ್ಬ್ 30.5. ಗಾಳಿಯಲ್ಲಿ ಘನ ಮೀಟರಿಗೆ 28 ಗ್ರಾಂ ನೀರಾವಿ, ಅಂದರೆ ಮಂಗಳೂರಿನ ಮಧ್ಯಾಹ್ನಕ್ಕಿಂತ ಹೆಚ್ಚು. ಅದರ ಮೇಲೆ ಒಲೆಯ ಝಳ, ದುಡಿಯುವ ಮೈಯ ಎರಡು ಪಟ್ಟು ಶಾಖ. ಬಸವನಗುಡಿಯ ಮರದ ನೆರಳಿನಲ್ಲಿ ಕೂತವರಿಗೂ ಆ ಹುಡುಗನಿಗೂ ಊರು ಒಂದೇ, ಹವಾಮಾನ ಒಂದೇ ಅಲ್ಲ. ತಗಡಿನ ಶೆಡ್ಡುಗಳು, ಬಟ್ಟೆಗೆ ಬಣ್ಣ ಹಾಕುವ ಕೋಣೆಗಳು, ಕಿಟಕಿಯಿಲ್ಲದ ಲಾಂಡ್ರಿಗಳು, ಹೀಗೆ ನೀರು ಕುದಿಯುವ ಮತ್ತು ಗಾಳಿ ಹೊರಹೋಗದ ಜಾಗಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ. ನೆರಳು ಅಲ್ಲಿ ಕೊಡುವುದು ಬಹಳ ಕಡಿಮೆ. ನೆರಳು ಬಿಸಿಲನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ.

ಫ್ಯಾನ್ ಸಾಲದೇ ಎಂದು ಕೇಳಿದ್ದೀರಿ. ಮಂಗಳೂರಿನ 34 ಡಿಗ್ರಿಯಲ್ಲಿ ಫ್ಯಾನ್ ನಿಜಕ್ಕೂ ನೆರವಾಗುತ್ತದೆ. ಗಾಳಿ ಚರ್ಮಕ್ಕಿಂತ ತುಸು ತಂಪಾಗಿಯೇ ಇದೆ, ಜೊತೆಗೆ ಚರ್ಮಕ್ಕೆ ಅಂಟಿದ ತೇವದ ಪದರವನ್ನು ಫ್ಯಾನ್ ಸರಿಸಿ 24 ಗ್ರಾಂನ ಹೊಸ ಗಾಳಿಯನ್ನು ತರುತ್ತದೆ. ಆದರೆ ಹೊಸದಾಗಿ ಬರುವ ಗಾಳಿಯೇ 40 ಗ್ರಾಂ ತುಂಬಿಕೊಂಡಿದ್ದರೆ ಫ್ಯಾನ್ ಸರಿಸುವುದು ತೇವವನ್ನು, ತರುವುದೂ ತೇವವನ್ನೇ. ಕುಡಿಯುವ ನೀರಿನ ಕಥೆಯೂ ಹೀಗೆಯೇ. ಅದು ಬೆವರಿಗೆ ಬೇಕಾದ ಸರಕು, ರಕ್ತದ ಪ್ರಮಾಣವನ್ನು ಕಾಯುತ್ತದೆ, ಕುಡಿಯಲೇಬೇಕು. ಆದರೆ ಬೆವರು ಆರಲು ಗಾಳಿಯಲ್ಲಿ ಜಾಗ ಮಾಡಿಕೊಡುವ ಶಕ್ತಿ ಅದಕ್ಕಿಲ್ಲ. ಆ ಜಾಗ ಮಾಡುವುದು ಗಾಳಿಯಿಂದ ನೀರನ್ನು ತೆಗೆಯುವ ಎ.ಸಿ., ಇಲ್ಲವೇ ತೇವ ಕಡಿಮೆ ಇರುವ ಬೇರೊಂದು ಜಾಗದ ಗಾಳಿ.

ನಿಮ್ಮ ಅಪ್ಪ ಅಮ್ಮನಿಗೆ ನಾನು ಹೇಳುವುದು ಇಷ್ಟು. ಎರಡು ಥರ್ಮಾಮೀಟರ್ ತಂದು, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಇಟ್ಟು ನೋಡಲಿ. ಬಟ್ಟೆ ಕೊಳೆಯಾಗಿದ್ದರೆ ಅಥವಾ ಒಣಗಿದ್ದರೆ ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ, ಎಚ್ಚರ. ಒದ್ದೆಯದು 28 ದಾಟಿದ ದಿನ ಮಧ್ಯಾಹ್ನದ ಕೆಲಸ ಬಿಡಲಿ, ಅಡುಗೆ ಬೆಳಿಗ್ಗೆಯೇ ಮುಗಿಯಲಿ, ಬಾವಿಯ ಅಥವಾ ಬೋರಿನ ತಣ್ಣೀರಿನಲ್ಲಿ ಎರಡು ಮೂರು ಸಲ ಸ್ನಾನ ಮಾಡಲಿ. 30ರ ಕಡೆ ಹೋದರೆ ಅವರ ವಯಸ್ಸಿಗೆ ಫ್ಯಾನನ್ನು ನಂಬಿ ಕೂರುವುದು ಬೇಡ, ಎ.ಸಿ. ಇರುವ ಕೋಣೆಯಲ್ಲಿ ಕೆಲವು ಗಂಟೆ ಕಳೆಯಲಿ. ರಾತ್ರಿಯ ಅಂಕಿಯನ್ನೂ ನೋಡಲಿ. ಕರಾವಳಿಯಲ್ಲಿ ಸೂರ್ಯ ಮುಳುಗಿದರೂ ಒದ್ದೆ ಬಲ್ಬ್ ಹೆಚ್ಚು ಇಳಿಯುವುದಿಲ್ಲ, ಹಗಲೆಲ್ಲ ದುಡಿದ ಹೃದಯಕ್ಕೆ ರಾತ್ರಿಯೂ ಬಿಡುವು ಸಿಗುವುದಿಲ್ಲ.

ಆ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ನೇರ ಮೇಲೆ ಹೊಗೆಗೂಡು ಕೂರಿಸಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದರು, ಹೊರಗಿನ ಗಾಳಿ ಬರಲು ಎದುರು ಗೋಡೆ ಒಡೆದು ಜಾಲಂದರ ಇಟ್ಟರು. ಎರಡು ವಾರದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಟ್ಟೆ ಸುತ್ತಿ ಬೀಸಿ ನೋಡಿದೆ. ಒಣ ಬಲ್ಬ್ 35, ಹೆಚ್ಚೇನೂ ಇಳಿದಿರಲಿಲ್ಲ. ಒದ್ದೆ ಬಲ್ಬ್ 25ಕ್ಕೆ ಬಂದಿತ್ತು. ಹುಡುಗ ಇಡ್ಲಿ ಎತ್ತುತ್ತಿದ್ದ, ಅವನ ಅಂಗಿಯ ಬೆನ್ನು ಒಣಗಿತ್ತು.